ಹಳೆಯ ಫೋನಿನ ವಾಪಸಾತಿ ಚೀಟಿ

ನಮ್ಮ ಆಫೀಸಿನ ಲ್ಯಾಪ್‌ಟಾಪು, ಫೋನುಗಳ ಜಾತಕವೆಲ್ಲ ನನ್ನ ಕೈಯಲ್ಲಿ. ಯಾರಿಗೆ ಕೊಟ್ಟೆವು, ಯಾವಾಗ ವಾಪಸು ಬಂತು, ರಿಪೇರಿಗೆ ಹೋಯಿತೇ, ಡೇಟಾ ಅಳಿಸಿಕೊಂಡು ಗುಜರಿ ಸೇರಿತೇ, ಎಲ್ಲವನ್ನೂ ಒಂಬತ್ತು ವರ್ಷದಿಂದ ಬರೆದುಕೊಂಡು ಬಂದವಳು ನಾನು. ಈಗ ಸ್ಟೋರಿನ ಮುಖ್ಯಸ್ಥನಾಗಿ ಬಡ್ತಿ ಪಡೆದವನು ಮಾತ್ರ ಎರಡು ವರ್ಷದ ಹಿಂದೆ ಬಂದ ಕನ್ನಡಕದವನು. ಆಸ್ತಿ ಸಂಖ್ಯೆಯ ಸ್ಟಿಕ್ಕರ್ ಅಂಟಿಸುವುದನ್ನು ಅವನಿಗೆ ಕಲಿಸಿದ್ದೇ ನಾನು.

ಅವನ ಹೊಸ ಲ್ಯಾಪ್‌ಟಾಪನ್ನೂ ನಾನೇ ಕೊಡಬೇಕಾಯಿತು. ಸೀರಿಯಲ್ ನಂಬರ್ ಬರೆದುಕೊಳ್ಳುವಾಗ ಹೊಟ್ಟೆಯೊಳಗೆ ಕೆಂಡ. ನನ್ನದು ಆರು ವರ್ಷದ್ದು. ಆನ್ ಆಗುವಷ್ಟರಲ್ಲಿ ಒಂದು ನಿದ್ದೆ ಮುಗಿಯುತ್ತದೆ.

ಅದೇ ವಾರ ವಾರ್ಷಿಕ ಪರಿಶೀಲನೆ. ಪ್ರತಿ ಸಾಮಾನನ್ನೂ ಕಣ್ಣಾರೆ ಕಂಡು ಸ್ಕ್ಯಾನ್ ಮಾಡಬೇಕು. ಒಂದು ಫೋನ್ ಮಾತ್ರ ಸಿಗಲಿಲ್ಲ. ಅದು ಇದ್ದದ್ದು ಕನ್ನಡಕದವನ ಹೆಸರಿನಲ್ಲಿ. ಶುಕ್ರವಾರದೊಳಗೆ ಸಿಗದಿದ್ದರೆ ಅವನ ಬಡ್ತಿ ತಡೆಹಿಡಿಯುವುದಾಗಿ ಮ್ಯಾನೇಜರ್ ಹೇಳಿ, ನನ್ನ ಕಡೆ ನೋಡಿದರು. ಹಾಲು ಕುಡಿದಷ್ಟು ಖುಷಿಯಾಯಿತು.

ಬುಧವಾರ ಬಿಡಿಭಾಗಗಳ ಪೆಟ್ಟಿಗೆಯ ತಳದಲ್ಲಿ ಪರದೆ ಒಡೆದ ಫೋನೊಂದು ಕೈಗೆ ಸಿಕ್ಕಿತು. ಸ್ಟಿಕ್ಕರ್ ಉದುರಿತ್ತು. ಸಿಮ್ ಟ್ರೇ ಮೇಲಿನ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ, ಅವನ ಹೆಸರಿನಲ್ಲಿದ್ದ ಫೋನಿನದೇ. ಆಗ ನೆನಪಾಯಿತು. ಮೂರು ತಿಂಗಳ ಹಿಂದೆ ಮಗಳಿಗೆ ಜ್ವರವೆಂದು ಶಾಲೆಯಿಂದ ಕರೆ ಬಂದಾಗ, ಅವನ ಕೈಯಿಂದ ಫೋನ್ ಇಸಿದುಕೊಂಡು ಪೆಟ್ಟಿಗೆಗೆ ಎಸೆದು ಓಡಿದ್ದೆ. ವಾಪಸಾತಿ ನಮೂದಿಲ್ಲ, ಚೀಟಿಯಿಲ್ಲ, ರಿಪೇರಿಗೂ ಕಳಿಸಿಲ್ಲ.

ಪೆಟ್ಟಿಗೆ ಮುಚ್ಚಿದೆ. ಎರಡು ದಿನ ಬಾಯಿಯನ್ನೂ ಮುಚ್ಚಿಕೊಂಡಿದ್ದೆ. ಅವನು ನನ್ನ ಹೆಸರು ಹೇಳಿದರೆ, ಚೀಟಿ ತೋರಿಸು ಎಂದರಾಯಿತು, ಅಂದುಕೊಂಡಿದ್ದೆ.

ಶುಕ್ರವಾರ ಮಧ್ಯಾಹ್ನ ಫೋನ್ ಎಲ್ಲಿ ಎಂದು ಮ್ಯಾನೇಜರ್ ನನ್ನೆದುರಿಗೇ ಅವನನ್ನು ಕೇಳಿದರು. ಅವನು ಕನ್ನಡಕ ಒರೆಸುತ್ತ, "ನಾನೇ ಎಲ್ಲೋ ಇಟ್ಟು ಮರೆತಿರ್ಬೇಕು ಸಾರ್," ಅಂದ.

ಸ್ಟೋರಿಗೆ ಬಂದು ಬಾಗಿಲು ಹಾಕಿ ಕೇಳಿದೆ, "ಯಾರಿಗೆ ಕೊಟ್ಟೆ ಅಂತ ನಿಂಗೆ ನೆನಪಿಲ್ವಾ?"

"ನೆನಪಿದೆ ಅಕ್ಕಾ. ಪಾಪುಗೆ ಜ್ವರ ಅಂತ ಓಡಿದ್ರಲ್ಲ."

"ಮತ್ತೆ ಬಾಯಿಗೆ ಬೀಗ ಯಾಕೆ?"

"ಚೀಟಿ ಇಲ್ದೆ ಸಾಮಾನು ಕೊಡ್ಬೇಡ ಅಂತ ಮೊದಲ ದಿನಾನೇ ಹೇಳಿದ್ರಿ. ಕೇಳಿ ಇಸ್ಕೊಳ್ದೇ ಇದ್ದಿದ್ದು ನನ್ನ ತಪ್ಪು."

ಜಗಳವಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಇದರಲ್ಲೂ ಅವನೇ ಒಂದು ಕೈ ಮೇಲು.

ಪೆಟ್ಟಿಗೆ ತೆರೆದು ಫೋನ್ ತೆಗೆದೆ. ನಮೂದು ಮಾಡಿದ ದಿನಾಂಕವನ್ನು ಸಾಫ್ಟ್‌ವೇರ್ ತಾನೇ ಹಾಕುತ್ತದೆ, ಹಿಂದಕ್ಕೆ ತಳ್ಳಲು ಬಿಡುವುದಿಲ್ಲ. ಷರಾ ಕಾಲಂನಲ್ಲಿ ಬರೆದೆ: ಮೂರು ತಿಂಗಳ ಹಿಂದೆಯೇ ಬಂದಿದೆ, ನಮೂದಿಸದೆ ಬಿಟ್ಟವಳು ನಾನು, ಬುಧವಾರ ಸಿಕ್ಕರೂ ತಿಳಿಸಿಲ್ಲ. ಸ್ಥಿತಿ: ರಿಪೇರಿಗೆ. ಮ್ಯಾನೇಜರ್‌ಗೂ ಅದರ ಪ್ರತಿ ಕಳಿಸಿದೆ.

'ಪಡೆದವರು' ಎಂಬಲ್ಲಿ ಸಹಿ ಹಾಕಿ ಚೀಟಿ ಕೊಟ್ಟೆ. ಅವನು ಅದನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟು, ಹೊಸ ಲ್ಯಾಪ್‌ಟಾಪ್ ತೆರೆದ. ಕಣ್ಣು ಮಿಟುಕಿಸುವುದರೊಳಗೆ ಆನ್ ಆಯಿತು. ಹೊಟ್ಟೆಯೊಳಗಿನ ಕೆಂಡ ಇನ್ನೂ ಹಾಗೇ ಇತ್ತು.