ಓಡದ ಪ್ರೆಸ್ಸಿನ ಸವಕಳಿ

ಆಫೀಸಿನಲ್ಲಿ ಎಲ್ಲರೂ ಅವಳನ್ನು ಕರೆಯುವುದು ಕ್ಲೋಸಿಂಗ್ ಅಕ್ಕ ಎಂದೇ. ತಿಂಗಳ ಕೊನೆ ಬಂತೆಂದರೆ ಡಬ್ಬಿಯ ಮುಚ್ಚಳ ಮಾಡುವ ಕಾರ್ಖಾನೆ, ಅದನ್ನು ಕೊಂಡು ಮಾರುವ ಸೋದರ ಕಂಪನಿ, ಎರಡರ ಲೆಕ್ಕವನ್ನೂ ಇಆರ್‌ಪಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ಮುಚ್ಚುವವಳು ಅವಳು. ವರ್ಷದ ಕೊನೆಯಲ್ಲಂತೂ ಅವಳೆದುರು ಸುಳಿಯಲು ಕ್ಯಾಂಟೀನಿನ ಬೆಕ್ಕಿಗೂ ಧೈರ್ಯವಿಲ್ಲ ಎಂದು ಹುಡುಗರು ನಗುತ್ತಿದ್ದರು. ಈ ಸಲ ಯಾರೂ ನಗಲಿಲ್ಲ. ಬೆಳಿಗ್ಗೆಯಿಂದ ಅವಳ ಮೈಯೆಲ್ಲ ಸಿಟ್ಟಿಗೆ ಉರಿಯುತ್ತಿತ್ತು.

ಯಂತ್ರಗಳು ಸವೆದಂತೆ ಬೆಲೆಯಲ್ಲಿ ಕಳೆಯುವ ಸವಕಳಿಯನ್ನು ಖಾತೆಗೆ ಹಾಕುವ ಮೊದಲು ಪರೀಕ್ಷೆಗೆಂದು ಒಮ್ಮೆ ಓಡಿಸಿ ನೋಡುವುದು ಅವಳ ಪದ್ಧತಿ. ಓಡಿಸಿದಳು. ಕಂಪ್ರೆಸರ್ ಬಂತು, ಫೋರ್ಕ್‌ಲಿಫ್ಟ್ ಬಂತು, ಕಾವಲುಗಾರನ ಕೋಣೆಯ ಕಪಾಟೂ ಬಂತು. ಕಾರ್ಖಾನೆಯ ಎಲ್ಲಕ್ಕಿಂತ ದುಬಾರಿ ಯಂತ್ರ, ಮುಚ್ಚಳ ಒತ್ತುವ ಹೊಸ ಪ್ರೆಸ್ಸು, ಮಾತ್ರ ಪಟ್ಟಿಯಲ್ಲಿ ಬರಲಿಲ್ಲ. ಅದು ‘ನಿರ್ಮಾಣ ಹಂತದ ಆಸ್ತಿ’ ಎಂಬ ತಲೆಬರಹದಡಿ ಹಾಯಾಗಿ ಮಲಗಿತ್ತು. ಆ ಹಂತದಲ್ಲಿರುವುದಕ್ಕೆ ಸವಕಳಿ ಇಲ್ಲ. ಬಳಕೆಗೆ ಸಿದ್ಧವಾದ ದಿನದಿಂದ ಮಾತ್ರ ಲೆಕ್ಕ ಶುರು.

ಇನ್ನೂ ಸಿದ್ಧವೇ ಆಗದ ಆ ಪ್ರೆಸ್ಸು ಎರಡು ತಿಂಗಳ ಹಿಂದೆ ಒಬ್ಬ ಆಪರೇಟರನ ಬಲಗೈಯ ಬೆರಳುಗಳನ್ನು ನುಂಗಿತ್ತು.

ಯಂತ್ರ ಇನ್ನೂ ಚಾಲೂ ಆಗಿರಲಿಲ್ಲ, ಅವನೇ ಕುತೂಹಲಕ್ಕೆ ಕೈ ಹಾಕಿದ, ಪರಿಹಾರದ ಮಾತೇ ಇಲ್ಲ ಎಂದು ಕಂಪನಿ ಹೇಳಿತು. ಮುಂದಿನ ವಾರ ಕಾರ್ಮಿಕ ಅಧಿಕಾರಿಯ ಮುಂದೆ ವಿಚಾರಣೆ. ಅಲ್ಲಿಗೆ ಕೊಡಬೇಕಾದ ಕಾಗದಗಳಲ್ಲಿ ವರ್ಷಾಂತ್ಯದ ಆಸ್ತಿ ಪಟ್ಟಿಯೂ ಒಂದು. ಪ್ರೆಸ್ಸು ನಿರ್ಮಾಣ ಹಂತದಲ್ಲೇ ಉಳಿದರೆ ಆ ಮನುಷ್ಯನ ಕೈಗೆ ಮೂರು ಕಾಸಿನ ಬೆಲೆ ಇಲ್ಲ. ಅವನ ಹೆಂಡತಿ ಹೋದ ವಾರ ರಿಸೆಪ್ಷನ್ನಿನಲ್ಲಿ ಮಧ್ಯಾಹ್ನದವರೆಗೆ ಕೂತು, ಒಂದು ಲೋಟ ನೀರು ಕುಡಿದು ಎದ್ದು ಹೋಗಿದ್ದಳು. ಕ್ಲೋಸಿಂಗ್ ಅಕ್ಕ ಗಾಜಿನ ಈಚೆಯಿಂದ ನೋಡಿದ್ದಳು.

ಪ್ರೆಸ್ಸು ಓಡಿದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಿಲ್ಲು ತಡವಾಗಿ ಬರುತ್ತದೆಂದು ಪ್ರತಿ ತಿಂಗಳೂ ಮೀಟರು ನೋಡಿ ಕರೆಂಟಿನ ಖರ್ಚನ್ನು ಅಂದಾಜಿಗೆ ಹಾಕುತ್ತಿದ್ದವಳು, ಮರುತಿಂಗಳ ಮೊದಲ ದಿನ ಅದನ್ನು ವಾಪಸು ತೆಗೆಯುತ್ತಿದ್ದವಳು ಅವಳೇ. ಎಷ್ಟೋ ತಿಂಗಳಿಂದ ಆ ಮೀಟರು ಹೊಸದೊಂದು ದೊಡ್ಡ ಯಂತ್ರ ಓಡಿದಷ್ಟು ಏರಿತ್ತು. ಇವತ್ತು ಎರಡೂ ಕಂಪನಿಗಳ ವ್ಯವಹಾರವನ್ನು ಒಂದಕ್ಕೊಂದು ವಜಾ ಹಾಕುವಾಗಲೂ ಅದೇ ಕಣ್ಣಿಗೆ ಹೊಡೆಯಿತು. ಕಾರ್ಖಾನೆ ಸೋದರ ಕಂಪನಿಗೆ ಮಾರಿದ್ದು, ಅದು ಕೊಂಡದ್ದು, ಎರಡೂ ಸೇರಿ ಸೊನ್ನೆಯಾಗಬೇಕು. ಗೋದಾಮಿನಲ್ಲಿ ಮಾರಾಟವಾಗದೆ ಉಳಿದ ಮಾಲಿನೊಳಗಿನ ಲಾಭವನ್ನೂ ಕಳೆಯಬೇಕು. ಎಡಗೈ ಬಲಗೈಗೆ ಕೊಟ್ಟರೆ ಮನೆಗೆ ಸಂಪಾದನೆಯಾದೀತೇ? ಉಳಿದ ಮಾಲಿನ ಪಟ್ಟಿ ತರಿಸಿದರೆ ಅದರ ತುಂಬಾ ಅಗಲದ ಮುಚ್ಚಳಗಳು. ಅಗಲದ ಮುಚ್ಚಳ ಮಾಡಲು ಬರುವುದು ಹೊಸ ಪ್ರೆಸ್ಸಿಗೆ ಮಾತ್ರ.

ಎದ್ದು ಹಣಕಾಸು ಮುಖ್ಯಸ್ಥನ ಕೋಣೆಗೆ ಹೋದಳು.

“ಅದು ಟ್ರಯಲ್ ಮಾಲು ಅಮ್ಮಾ,” ಎಂದ ಆತ, ಕನ್ನಡಕ ಒರೆಸುತ್ತ.

“ಟ್ರಯಲ್ ಮಾಲನ್ನ ಲಾರಿಗಟ್ಟಲೆ ಮಾರ್ತಾರಾ ಸಾರ್? ತಿಂಗಳುಗಟ್ಟಲೆ?”

“ನಿಮಗ್ಯಾಕೆ ಇಲ್ಲದ ಉಸಾಬರಿ? ಚಾಲೂ ಆದ ತಾರೀಖು ಕಾರ್ಖಾನೆ ಮ್ಯಾನೇಜರ್ ಸಹಿ ಮಾಡಿ ಕೊಡ್ಬೇಕು. ಅದು ನಿಯಮ. ಅವ್ರು ಕೊಟ್ರಾ? ಇಲ್ಲ. ಮುಗೀತು.”

ನಿಯಮ! ಬೇಕಾದಾಗ ನಿಯಮ, ಬೇಡವಾದಾಗ ‘ಹೊಂದಿಸಿಕೊಂಡು ಹೋಗಿ’. ಅವಳಿಗೆ ಆ ಕನ್ನಡಕವನ್ನು ಕಿತ್ತು ಬಿಸಾಕಬೇಕೆನ್ನಿಸಿತು. ಕಾರ್ಖಾನೆಯ ಮ್ಯಾನೇಜರು ಬೇರೆ ಯಾರೂ ಅಲ್ಲ, ಅವಳ ಸ್ವಂತ ಅಕ್ಕನ ಗಂಡ. ಈ ಕೆಲಸ ಕೊಡಿಸಿದವನೂ ಅವನೇ, ಅದನ್ನು ಹಬ್ಬ ಹರಿದಿನವೆನ್ನದೆ ನೆನಪಿಸುವವನೂ ಅವನೇ.

ಫೋನು ಮಾಡಿದಳು. “ಭಾವ, ಪ್ರೆಸ್ಸು ಯಾವತ್ತಿಂದ ಓಡ್ತಿದೆ? ಒಂದು ಕಾಗದ ಕೊಡಿ.”

“ಓಡ್ತಿದೆ ಅಂತ ಯಾರಂದ್ರು? ಮುಂದಿನ ವರ್ಷ ಚಾಲೂ ಮಾಡ್ತೀವಿ. ನೀನು ಸುಮ್ನೆ ಲೆಕ್ಕ ಮುಚ್ಚು, ಬಾಯಿನೂ ಮುಚ್ಚು.” ಆಮೇಲೆ ಸ್ವರ ಬೆಣ್ಣೆಯಾಯಿತು. “ಹ್ಞಾ, ಇನ್ನೊಂದು. ನನ್ನ ಉತ್ಪಾದನೆ ಇನ್ಸೆಂಟಿವ್ ಈ ವರ್ಷದ ಲೆಕ್ಕದಲ್ಲೇ ಹಾಕ್ಬಿಡು. ದುಡ್ಡು ಕೈಗೆ ಬರೋದು ಮುಂದಿನ ತಿಂಗಳೇ, ಆದ್ರೆ ಖರ್ಚು ಈ ವರ್ಷದ್ದು ತಾನೇ? ಟಾರ್ಗೆಟ್ ದಾಟಿದೀನಿ.”

ಹಳೆಯ ಪ್ರೆಸ್ಸುಗಳು ತಲೆಕೆಳಗಾಗಿ ನಿಂತರೂ ಆ ಟಾರ್ಗೆಟ್ಟು ದಾಟುವಂತಿರಲಿಲ್ಲ.

“ಹಾಕ್ತೀನಿ ಭಾವ. ಆಧಾರ ಬೇಕಲ್ಲ. ಯಾವ ಯಂತ್ರದಲ್ಲಿ ಯಾವ ತಿಂಗಳು ಎಷ್ಟು ಮಾಲು, ಸಹಿ ಮಾಡಿ ಕಳ್ಸಿ.”

ಊಟದ ಹೊತ್ತಿಗೆ ಬಂತು. ಆಸೆ ಮುಂದಾದರೆ ಬುದ್ಧಿ ಹಿಂದೆ. ಹೊಸ ಪ್ರೆಸ್ಸು, ವರ್ಷದ ಐದನೇ ತಿಂಗಳ ಮೊದಲ ದಿನದಿಂದ ಪೂರ್ಣ ಉತ್ಪಾದನೆ, ಎರಡು ಪಾಳಿ. ಕೆಳಗೆ ಭಾವನ ಸಹಿ, ಅದಕ್ಕೊಂದು ಮೊಹರು ಬೇರೆ. ತನ್ನ ಜೇಬಿಗೆ ಓಡಿದ ಯಂತ್ರ ಇನ್ನೊಬ್ಬನ ಕೈಗೆ ಓಡಿರಲಿಲ್ಲ! ಕ್ಲೋಸಿಂಗ್ ಅಕ್ಕ ಆ ಹಾಳೆಯನ್ನು ಓದಿ ಗಟ್ಟಿಯಾಗಿ ಬೈದಳು. ಪಕ್ಕದ ಮೇಜಿನವನು ಊಟದ ಡಬ್ಬಿ ಎತ್ತಿಕೊಂಡು ಬೇರೆಡೆಗೆ ಹೋದ.

ಅವಳು ಊಟ ಮಾಡಲಿಲ್ಲ. ಪ್ರೆಸ್ಸನ್ನು ನಿರ್ಮಾಣ ಹಂತದಿಂದ ಎತ್ತಿ ಯಂತ್ರಗಳ ಗುಂಪಿಗೆ ವರ್ಗಾಯಿಸಿದಳು. ತಾರೀಖು: ಐದನೇ ತಿಂಗಳ ಒಂದು. ಆಧಾರ: ಭಾವ ಸಹಿ ಮಾಡಿದ ಹಾಳೆ, ಲಗತ್ತು. ಸವಕಳಿಯನ್ನು ಮತ್ತೆ ಓಡಿಸಿದಳು, ಈ ಸಲ ಪರೀಕ್ಷೆಗಲ್ಲ. ಐದನೇ ತಿಂಗಳಿಂದ ಬಿಟ್ಟುಹೋದದ್ದೆಲ್ಲ ಒಟ್ಟಾಗಿ ಈ ಕೊನೆಯ ತಿಂಗಳ ಖರ್ಚಿಗೆ ಬಂದು ಕೂತಿತು. ಇನ್ಸೆಂಟಿವ್ ಖರ್ಚನ್ನೂ ಹಾಕಿದಳು, ಅದೇ ಹಾಳೆಯ ಆಧಾರದ ಮೇಲೆ. ಹೇಳಿದ ಮಾತಿಗೆ ತಪ್ಪುವವಳಲ್ಲ ಅವಳು.

ಕಾರ್ಖಾನೆಯ ಲಾಭ ಕುಸಿದದ್ದು ಮುಖ್ಯಸ್ಥನ ಪರದೆಗೂ ಹೋಯಿತು. ಆತ ಬಾಗಿಲನ್ನು ದಬ್ಬಿಕೊಂಡು ಬಂದ.

“ಯಾರನ್ನ ಕೇಳಿ ಮಾಡಿದ್ರಿ? ಈಗ್ಲೇ ರಿವರ್ಸ್ ಮಾಡಿ!”

“ನಾನು ಮಾಡಲ್ಲ. ನಿಮಗೂ ಅಧಿಕಾರ ಇದೆ, ನೀವೇ ಮಾಡಿ. ಕಾರಣ ಬರೆಯೋ ಜಾಗ ಖಾಲಿ ಬಿಟ್ರೆ ಅದು ಮುಂದೆ ಹೋಗಲ್ಲ. ಯಾರು ಮಾಡಿದ್ದು ಅಂತ ಹೆಸರೂ ಉಳಿಯುತ್ತೆ. ಆಡಿಟರು ಪಕ್ಕದ ಕೋಣೇಲೇ ಇದಾರೆ. ಮ್ಯಾನೇಜರ್ ಸಹಿ ಬೇಕು ಅಂದ್ರಿ, ತಂದಿದೀನಿ. ಇನ್ನೇನು ಬೇಕು ನಿಮಗೆ? ಆ ಆಪರೇಟರನ ಎಡಗೈನೂ ಬೇಕಾ?”

ಮುಖ್ಯಸ್ಥ ಹಾಳೆಯನ್ನು ಎರಡು ಸಲ ಓದಿದ. ಭಾವನನ್ನು ಬಾಯೊಳಗೇ ಕತ್ತೆ ಎಂದ, ಬಾಗಿಲು ಬಡಿದು ಹೋದ. ರಿವರ್ಸ್ ಮಾಡಲಿಲ್ಲ.

ಅವಧಿಯನ್ನು ಮುಚ್ಚುವುದೊಂದೇ ಬಾಕಿ ಇದ್ದಾಗ ಅಕ್ಕನ ಫೋನು ಬಂತು. ಭಾವ ಆಗಲೇ ಮನೆಗೆ ಹೋಗಿ ಹೇಳಿಯಾಗಿತ್ತು.

“ಏನೇ ಮಾಡ್ದೆ ಪುಟ್ಟಿ? ಉಂಡ ಮನೆಗೆ ಎರಡು ಬಗೀತೀಯಾ? ಅವರ ಕೆಲಸ ಹೋದ್ರೆ ನನ್ನ ಮಕ್ಕಳ ಗತಿ ಏನು?”

“ಅವನಿಗೂ ಮಕ್ಕಳಿದಾವೆ ಅಕ್ಕ. ಬೆರಳು ಹೋದವನಿಗೆ. ಭಾವ ಅಷ್ಟು ದೊಡ್ಡ ಸುಳ್ಳು ಹೇಳಿದಾರೆ ಅಂತ ನಿನಗೆ ಗೊತ್ತಾ?”

ಆಚೆ ಕುಕ್ಕರಿನ ಸೀಟಿ, ಬಚ್ಚಲ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿದವು.

“ಗೊತ್ತು,” ಎಂದಳು ಅಕ್ಕ. “ಅವನ ಬೆರಳು ಹೋದ ದಿನ ರಾತ್ರಿ ಊಟಕ್ಕೆ ಕೂತಾಗ ಅವರೇ ಹೇಳಿದ್ರು. ‘ಒಂದು ಗಂಟೇಲಿ ತೊಳೆಸಿ ಮತ್ತೆ ಓಡಿಸ್ಬಿಟ್ಟೆ, ಪಾಳಿ ನಿಲ್ಲಲಿಲ್ಲ’ ಅಂತ. ಹೆಮ್ಮೆಯಿಂದ ಹೇಳಿದ್ರು ಕಣೇ. ನಾನು ಇನ್ನೊಂದು ಸೌಟು ಸಾರು ಬಡಿಸ್ದೆ.”

ಕ್ಲೋಸಿಂಗ್ ಅಕ್ಕನಿಗೆ ಬೆಳಿಗ್ಗೆಯಿಂದ ಇದ್ದ ಸಿಟ್ಟು ಭಾವನ ಮೇಲೆ, ಆ ಮುಖ್ಯಸ್ಥನ ಮೇಲೆ. ಈಗಿನದು ತನ್ನ ಒಡಹುಟ್ಟಿದವಳ ಮೇಲೆ, ಹಾಗಾಗಿ ಎಲ್ಲಕ್ಕಿಂತ ಕೆಟ್ಟದ್ದು.

“ಇಷ್ಟು ಗೊತ್ತಿದ್ದೂ ನನ್ನನ್ನ ಬೈಯೋಕೆ ಫೋನ್ ಮಾಡಿದ್ಯಾ? ನಾಚಿಕೆ ಆಗಲ್ವಾ ನಿಂಗೆ? ಬಾ ಹಾಗಿದ್ರೆ, ಇದೇ ಮಾತನ್ನ ವಿಚಾರಣೇಲಿ ಬಂದು ಹೇಳು!”

“ಹೇಳಲ್ಲ. ನನ್ನ ಕೈಲಾಗಲ್ಲ. ಅವರ ಮುಂದೆ ಕೂತು ನಾಳೇನೂ ನಾನು ಬಡಿಸ್ಬೇಕು.” ಅಕ್ಕನ ದನಿ ತಗ್ಗಿತು. “ಅವರು ಪಕ್ಕದಲ್ಲೇ ಇದ್ರು, ಅದಕ್ಕೆ ಬೈದೆ. ಈಗ ಸ್ನಾನಕ್ಕೆ ಹೋದ್ರು. ಕೇಳಿಲ್ಲಿ. ಸಂಜೆ ಅವರು ಕಳ್ಸಿ ನಾನೇ ಬಂದು ಕಾಲು ಹಿಡ್ಕೊಂಡು ಅತ್ರೂ ನೀನು ಹಾಕಿದ ತಾರೀಖು ತೆಗೀಬೇಡ.”

ಫೋನು ಕಡಿದುಹೋಯಿತು. ಅವಳು ಮೂಗು ಒರೆಸಿಕೊಂಡು, ಅಕ್ಕನನ್ನೂ ಸೇರಿಸಿ ಎಲ್ಲರನ್ನೂ ಇನ್ನೊಮ್ಮೆ ಬೈದು, ವರ್ಷದ ಲೆಕ್ಕ ಮುಚ್ಚಿದಳು.