ಮೂರನೇ ಸ್ಲೈಡಿನ ಕೊಬ್ಬರಿ

ಬೆಳಗ್ಗೆ ಹತ್ತೂವರೆಗೆ ಅಂಗಡಿಯ ಇನ್‌ಸ್ಟಾಗ್ರಾಂ ಪುಟದ ಪಾಸ್‌ವರ್ಡ್ ವರ್ಷಿಣಿಯ ಕೈ ಸೇರಿತು. ಅದನ್ನು ಚೀಟಿಯಲ್ಲಿ ಬರೆದುಕೊಟ್ಟವಳು ಸೌಮ್ಯ. ಬರೆದುಕೊಡು ಎಂದವರು ಬಸವಕುಮಾರ್.

ಬಸವಕುಮಾರ್ ಅವರದು ತಿಪಟೂರಿನಲ್ಲಿ ಪಾತ್ರೆ ಮತ್ತು ಉಡುಗೊರೆ ಸಾಮಾನಿನ ಅಂಗಡಿ. ಸೌಮ್ಯ ಅಲ್ಲಿ ಬಿಲ್ ಹಾಕುತ್ತಾಳೆ. ಹೊನ್ನವಳ್ಳಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಪುಟ ಶುರು ಮಾಡಿದ್ದೂ ಅವಳೇ, ಪ್ರತಿ ಹಬ್ಬಕ್ಕೂ ಪೋಸ್ಟರ್ ಮಾಡಿ ಹಾಕುತ್ತಿದ್ದವಳೂ ಅವಳೇ. ಅದಕ್ಕೆ ಸಂಬಳದಲ್ಲಿ ಹೆಚ್ಚಿಗೆ ಏನೂ ಸೇರುತ್ತಿರಲಿಲ್ಲ. ಆದರೆ ಬಸ್ಸಿನಲ್ಲಿ ಯಾರಾದರೂ, "ನಿಮ್ ಅಂಗಡಿ ಪೋಸ್ಟರ್ ನೋಡಿದ್ನಮ್ಮ" ಎಂದರೆ ಆ ದಿನವೆಲ್ಲ ಅವಳಿಗೆ ಹಗುರವಾಗಿರುತ್ತಿತ್ತು.

ವರ್ಷಿಣಿ ಬಸವಕುಮಾರರ ಅಕ್ಕನ ಮಗಳು, ಬಿಳಿಗೆರೆಯ ಹುಡುಗಿ, ಡಿಗ್ರಿ ಕೊನೆಯ ವರ್ಷ. ತೋಟದಲ್ಲಿ ನಿಂತು ಅಡುಗೆ, ಸೀರೆ, ಹಾಳುಹರಟೆಯ ರೀಲ್ಸ್ ಮಾಡಿ ಸಾಕಷ್ಟು ಜನರನ್ನು ಕೂಡಿಸಿಕೊಂಡಿದ್ದಳು. ಗೌರಿ ಹಬ್ಬಕ್ಕೆ ಎರಡು ವಾರ ಇರುವಾಗ ಸೋದರಮಾವನಿಗೆ ಅವಳ ನೆನಪಾಯಿತು.

"ಬೇಜಾರ್ ಮಾಡ್ಕಬ್ಯಾಡಮ್ಮ ಸೌಮ್ಯ," ಎಂದರು ಬಸವಕುಮಾರ್. "ಒಂದ್ ಪೋಸ್ಟರ್‌ನಾಗೆ ನಲವತ್ ಸಾಮಾನು ತುಂಬ್ಸಿದ್ರೆ ಯಾರ್ ಓದ್ತಾರೆ? ಸೊಳ್ಳೆ ಕೂತಂಗೆ ಕಾಣ್ತದೆ ಅಕ್ಷರ."

"ನೀವೇ ಅಲ್ವಾ ಅಣ್ಣ, ಅದೂ ಹಾಕು ಇದೂ ಹಾಕು ಅಂದಿದ್ದು?"

"ಅಂದಿದ್ದೆ ಕಣಮ್ಮ. ಈಗ ಬ್ಯಾಡ ಅಂತಿದೀನಿ."

ವರ್ಷಿಣಿ ಕೌಂಟರಿನ ಮೇಲೆ ಮೊಣಕೈ ಊರಿ ವಿವರಿಸಿದಳು. ಬೆರಳಲ್ಲಿ ಸರಿಸುತ್ತ ಹೋಗುವ ಏಳು ಚಿತ್ರಗಳ ಕೆರೂಸೆಲ್. ಮೊದಲನೆಯದರಲ್ಲಿ ಒಂದೇ ಮಾತು: 'ತವರಿನಿಂದ ಈ ಸಲ ಏನು ಕೊಡ್ತೀರಿ?' ಆಮೇಲಿನ ಐದರಲ್ಲಿ ಒಂದೊಂದು ಬಜೆಟ್ಟು, ಒಂದು ಬಜೆಟ್ಟಿಗೆ ಒಂದೇ ಉಡುಗೊರೆ. ಕೊನೆಯದರಲ್ಲಿ ವಾಟ್ಸ್ಆ್ಯಪ್ ನಂಬರು, ಆರ್ಡರ್ ಕೊಡುವ ಕೊನೆಯ ದಿನ.

"ಜನ ಅಂಗಡಿಗೆ ಬಂದು ಏನ್ ಕೇಳ್ತಾರೆ ಹೇಳಿ ಅಕ್ಕ? ಐನೂರ್ ರೂಪಾಯಿನಾಗೆ ಏನೈತೆ ಅಂತ. ಸಾಮಾನಿನ ಹೆಸರು ಹಿಡ್ಕಂಡು ಬರೋರು ಕಮ್ಮಿ. ಅದುಕ್ಕೆ ದುಡ್ಡಿನ ಲೆಕ್ಕ ಮೊದ್ಲು, ಸಾಮಾನು ಆಮೇಲೆ. ಎರಡ್ ತೋರ್ಸಿದ್ರೆ ಯಾವ್ದು ಅಂತ ಯೋಚ್ನೆಗೆ ಬೀಳ್ತಾರೆ. ಒಂದೇ ತೋರ್ಸಿದ್ರೆ ಬೇಕೋ ಬ್ಯಾಡ್ವೋ ಅಷ್ಟೇ. ಇನ್ನೊಂದು, ಮೊದಲ್ನೇ ಸ್ಲೈಡು ನೋಡಿ ಸರಿಸ್ದೆ ಹೋದೋರಿಗೆ ಇನ್‌ಸ್ಟಾಗ್ರಾಂ ಆಮ್ಯಾಕೆ ಎರಡ್ನೇದನ್ನ ತೋರ್ಸಿದ್ರೂ ತೋರ್ಸುತ್ತೆ. ಅದುಕ್ಕೇ ಎರಡ್ನೇದೂ ಗಟ್ಟಿಯಾಗಿರ್ಬೇಕು."

ಕೌಂಟರಿನಲ್ಲಿ ದಿನಾ ಆ ಪ್ರಶ್ನೆ ಕೇಳಿಸಿಕೊಳ್ಳುತ್ತಿದ್ದವಳು ಸೌಮ್ಯ. ಹುಡುಗಿ ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ತಪ್ಪಿದ್ದಿದ್ದರೆ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ.

ಮುಂದಿನ ಎರಡು ದಿನ ವರ್ಷಿಣಿ ಅಂಗಡಿಯ ಹಿಂದಿನ ಕಿಟಕಿಯ ಬಳಿ ಬಿಳಿ ಪಂಚೆ ಹಾಸಿ ಫೋಟೊ ತೆಗೆದಳು. ಸೌಮ್ಯ ಸಾಮಾನು ಎತ್ತಿಕೊಟ್ಟಳು. ಮುನ್ನೂರರೊಳಗೆ ಅರಿಸಿನ ಕುಂಕುಮದ ಜೋಡಿ ಭರಣಿ. ಅದರ ಮೇಲಿನದಕ್ಕೆ 'ತವರಿನ ಡಬ್ಬಿ': ಹಿಡಿಯಿರುವ ಅಗಲವಾದ ಸ್ಟೀಲ್ ಡಬ್ಬಿಯಲ್ಲಿ ರವಿಕೆ ಕಣ, ಹಸಿರು ಬಳೆ, ಬೆಲ್ಲದ ಅಚ್ಚು, ಕೊಬ್ಬರಿ. ಆಮೇಲೆ ಬಾಗಿನದ ಮೊರಗಳು, ಹಿತ್ತಾಳೆ ದೀಪ, ಕೊನೆಗೆ ದೊಡ್ಡ ಪೂಜಾ ಸೆಟ್ಟು. ಭರಣಿಯನ್ನು ಅತ್ತ ಸರಿಸಿ ಇತ್ತ ಸರಿಸಿ ವರ್ಷಿಣಿ ನೋಡುವಾಗ ಸೌಮ್ಯಳಿಗೆ ತನ್ನ ಪೋಸ್ಟರುಗಳು ನೆನಪಾಗುತ್ತಿದ್ದವು. ತಾನು ಯಾವತ್ತೂ ಬೆಳಕು ಎಲ್ಲಿಂದ ಬರುತ್ತದೆಂದು ನೋಡಿದವಳಲ್ಲ.

ಮೂರನೇ ದಿನ ಮಧ್ಯಾಹ್ನ ಏಳೂ ಸ್ಲೈಡು ಸೌಮ್ಯಳ ವಾಟ್ಸ್ಆ್ಯಪ್‌ಗೆ ಬಂದವು. 'ಅಕ್ಕ ಒಂದ್ಸಲ ನೋಡ್ಬುಡಿ. ಒಂದ್ಸಲ ಹಾಕಿದ ಮ್ಯಾಲೆ ಚಿತ್ರ ಬದಲಾಯಿಸಕ್ಕೆ ಬರಲ್ಲ. ನಿಮ್ಮಷ್ಟು ಅಂಗಡಿ ಗೊತ್ತಿರೋರು ಯಾರೂ ಇಲ್ಲ.'

ಊಟದ ಡಬ್ಬಿ ಮುಚ್ಚಿಟ್ಟು ಸೌಮ್ಯ ಒಂದೊಂದೇ ಸರಿಸಿದಳು. ಎರಡನೆಯದರಲ್ಲಿ 'ಮುನ್ನೂರರವರೆಗೆ', ಮೂರನೆಯದರಲ್ಲಿ 'ಮುನ್ನೂರರಿಂದ'. ಮುನ್ನೂರು ಎರಡೂ ಕಡೆ ಬಿದ್ದಿತ್ತು. ಏಳನೆಯದರಲ್ಲಿ ಅಂಗಡಿಗೆ ರಜೆಯ ದಿನವನ್ನೇ ಕೊನೆಯ ದಿನವೆಂದು ಹಾಕಿತ್ತು. ಎರಡನ್ನೂ ಬರೆದು ಕಳಿಸಿದಳು.

ಮೂರನೆಯದರಲ್ಲಿ ಇನ್ನೊಂದು ಇತ್ತು. ಹಸಿರು ರವಿಕೆ ಕಣದ ನಡುವೆ ಕೊಬ್ಬರಿ ಬೆಳದಿಂಗಳಂತೆ ಬೆಳ್ಳಗೆ ಕಾಣುತ್ತಿತ್ತು. ಚೆಲುವಾದ ಚಿತ್ರ. ಆದರೆ ಅಲ್ಲಿದ್ದುದು ಒಂದೇ ಹೋಳು. ಉಂಡೆ ಕೊಬ್ಬರಿ ಇಟ್ಟರೆ ಡಬ್ಬಿಯ ಮುಚ್ಚಳ ಕೂರುತ್ತಿರಲಿಲ್ಲ, ಎರಡು ಹೋಳಿಗೆ ಬಳೆಯ ಪಕ್ಕ ಜಾಗವಿರಲಿಲ್ಲ. ದೊಡ್ಡ ಡಬ್ಬಿ ಹಾಕಿದರೆ ಬೆಲೆ ಮುಂದಿನ ಬಜೆಟ್ಟಿಗೆ ಹಾರುತ್ತಿತ್ತು. ವರ್ಷಿಣಿ ಒಂದು ಹೋಳು ತೆಗೆದಿಟ್ಟು ಫೋಟೊ ಹೊಡೆದಿದ್ದಳು. ಕೊಬ್ಬರಿ ಸುಲಿದು, ಒಡೆದು, ಚೀಲ ತುಂಬುವುದನ್ನು ಹುಟ್ಟಿದಾಗಿನಿಂದ ನೋಡಿದ ಹುಡುಗಿ. ಅವಳ ಕಣ್ಣಿಗೆ ಹೋಳೆಂದರೆ ಸರಕು. ಮುತ್ತೈದೆಗೆ ಒಂಟಿ ಹೋಳು ಕೊಡುವುದು ಅಶುಭ, ಕೊಟ್ಟರೆ ಉಂಡೆ ಇಲ್ಲವೇ ಜೋಡಿ ಎಂಬುದನ್ನು ಯಾರೂ ಅವಳಿಗೆ ಕೂರಿಸಿ ಹೇಳಿದಂತಿರಲಿಲ್ಲ.

ಸೌಮ್ಯ ಆ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದಳು. ಮತ್ತೆ ಕುಗ್ಗಿಸಿದಳು.

ಅಷ್ಟರಲ್ಲಿ ಬಟ್ಟೆಚೀಲ ಹೊಲಿದು ಕೊಡುವ ರುಕ್ಸಾನ ಗಂಟು ಹೊತ್ತು ಒಳಗೆ ಬಂದಳು. ಗಂಟು ಇಳಿಸಿ ಸೌಮ್ಯಳ ಭುಜದ ಮೇಲಿಂದ ಇಣುಕಿದಳು.

"ಅಬ್ಬ, ಏನ್ ಚಂದ ತೆಗ್ದವ್ಳೆ ಕಣಕ್ಕ! ಅಲ್ಲ, ಕೊಬ್ರಿ ಒಂದೇ ಹೋಳಾ? ನಮ್ ಪಕ್ಕದ ಮನೆ ರಂಗಮ್ಮಾರು ಯಾವಾಗ್ಲೂ ಎರಡೆರಡು ಕೊಡ್ತಾರಪ್ಪ."

"ಈಗ ಹಂಗೇ ಬುಡು, ಫ್ಯಾಷನ್ನು."

"ಕೊಬ್ರಿಗೂ ಫ್ಯಾಷನ್ ಬಂತಾ!" ರುಕ್ಸಾನ ನಕ್ಕು ಚೀಲ ಎಣಿಸತೊಡಗಿದಳು.

ಸೌಮ್ಯ ಕೊನೆಗೆ ಒಂದು ಸಾಲು ಟೈಪ್ ಮಾಡಿದಳು: 'ಮಿಕ್ಕಿದ್ದೆಲ್ಲ ಸರಿ ಇದೆ.'

ಆ ಸಂಜೆಯೇ ಪೋಸ್ಟ್ ಬಂತು. ಅಂಗಡಿಯ ಪುಟ, ವರ್ಷಿಣಿಯ ಪುಟ, ಎರಡರ ಹೆಸರೂ ಜೊತೆಯಾಗಿ ಮೇಲೆ ಕಾಣುತ್ತಿದ್ದವು. ಊರಿಗೆ ಹೋಗುವ ಬಸ್ಸಿನಲ್ಲಿ ಸೌಮ್ಯ ಮೊಬೈಲು ಕೆಳಗಿಡಲಿಲ್ಲ. ಅವಳ ಪೋಸ್ಟರುಗಳಿಗೆ ಲೈಕು ಒತ್ತುತ್ತಿದ್ದವರು ನೆಂಟರು. ಇದನ್ನು ತುರುವೇಕೆರೆಯವರು, ಚಿಕ್ಕನಾಯಕನಹಳ್ಳಿಯವರು, ಹೆಸರೇ ಕೇಳದವರು ಉಳಿಸಿಟ್ಟುಕೊಳ್ಳುತ್ತಿದ್ದರು, ಕಾಮೆಂಟಿನಲ್ಲಿ ಅಣ್ಣತಮ್ಮಂದಿರನ್ನು ಹೆಸರು ಹಿಡಿದು ಕರೆಯುತ್ತಿದ್ದರು. 'ಲೋ ನೋಡ್ಲಾ, ಮೂರನೇದು ನಂಗೆ.' 'ಮೂರನೇದೇ ಯಾಕೆ ಕಣೇ, ದೊಡ್ಡ ಪೂಜಾ ಸೆಟ್ಟೇ ಕೇಳು, ಹೆಂಗೂ ಕೊಡಲ್ಲ.' ಎಲ್ಲರಿಗೂ ಬೇಕಾದದ್ದು ಆ ಡಬ್ಬಿಯೇ. ಕೊಬ್ಬರಿಯ ಮಾತೆತ್ತಿದವರು ಒಬ್ಬರೂ ಇಲ್ಲ.

ಮುಂದಿನ ಸೀಟಿನ ಹೆಂಗಸು ಪಕ್ಕದವಳಿಗೆ ಮೊಬೈಲು ತೋರಿಸಿದಳು. "ನಮ್ ಬಸಣ್ಣೋರ ಅಂಗಡೀದು. ಯಾರೋ ಹೊಸಬ್ರು ಮಾಡವ್ರೆ, ಮೊದ್ಲಿನಂಗಿಲ್ಲ."

ಸೌಮ್ಯ ಕಿಟಕಿಯ ಕಡೆ ತಿರುಗಿ ಕೂತಳು.

ಮಾರನೇ ಬೆಳಗ್ಗೆ ಬಸವಕುಮಾರರ ತಾಯಿ ಶಿವರುದ್ರಮ್ಮ ಎಂದಿನಂತೆ ಅಂಗಡಿಗೆ ಬಂದು, ದೇವರ ಪಟಕ್ಕೆ ಹೂ ಮುಡಿಸಿ, ಸ್ಟೂಲಿನ ಮೇಲೆ ಕೂತರು. ಸೌಮ್ಯ ಯಾರೂ ಹೇಳದೆಯೇ ಮೊಬೈಲು ಹಿಡಿದು ಅವರ ಬಳಿ ಹೋದಳು.

"ಅವ್ವ, ನಿಮ್ ಮೊಮ್ಮಗಳು ಮಾಡಿರೋದು ನೋಡಿದ್ರಾ?"

ಮೊದಲೆರಡಕ್ಕೆ ಮುದುಕಿಯ ಮುಖ ಅರಳಿತು. ಮೂರನೆಯದಕ್ಕೆ ಸೌಮ್ಯ ಬೆರಳು ನಿಲ್ಲಿಸಿದಳು. ಶಿವರುದ್ರಮ್ಮ ಕನ್ನಡಕ ಸರಿಮಾಡಿಕೊಂಡರು.

"ಇನ್ನೊಂದ್ ಹೋಳೆಲ್ಲಿ?"

"ಇಲ್ಲ ಅವ್ವ."

"ಇಲ್ವಾ? ತಿಪಟೂರ್ನಾಗೆ ಕೂತ್ಕಂಡು ಒಂಟಿ ಹೋಳು ಕೊಡ್ತಾರೇನೇ, ತವ್ರಿಂದ? ಊರಿನ ಹೆಣ್ಮಕ್ಳ ಮುಂದೆ ಮುಖ ಹೆಂಗ್ ತೋರ್ಸ್ಲಿ? ಲೇ ಬಸವಾ!"

ಬಸವಕುಮಾರ್ ಓಡಿ ಬಂದರು. ವರ್ಷಿಣಿ ಹಿಂದಿನ ಕೋಣೆಯಿಂದ ಬಂದಳು. ಅಜ್ಜಿಯ ಬೈಗುಳ ಅವಳ ಕಡೆ ತಿರುಗಿತು. ಸೌಮ್ಯ ಕೌಂಟರಿನ ಹಿಂದೆ ಹೋಗಿ ನಿಂತಿದ್ದಳು. ಹುಡುಗಿಯ ಕೆನ್ನೆ ಕೆಂಪಾಗುವುದನ್ನು ನೋಡುತ್ತ ಅವಳಿಗೆ ಪಾಸ್‌ವರ್ಡ್ ಬರೆದುಕೊಟ್ಟಾಗಿನಿಂದ ಮೊದಲ ಸಲ ಉಸಿರು ಸಲೀಸಾಯಿತು.

"ತೆಗ್ದಾಕು ಅದನ್ನ," ಎಂದರು ಬಸವಕುಮಾರ್.

"ಇಡೀ ಪೋಸ್ಟ್ ತೆಗೆದ್ರೆ ಉಳಿಸಿಟ್ಕಂಡೋರ ಹತ್ರನೂ ಹೋಗ್ತದೆ ಮಾವ. ಅದೊಂದು ಸ್ಲೈಡು ಮಾತ್ರ ಅಳಿಸ್ಬೋದು. ಆದ್ರೆ ಆರ್ಡರೆಲ್ಲ ಅದುಕ್ಕೇ ಬಂದಿರೋದು." ವರ್ಷಿಣಿ ಕೌಂಟರಿನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅನುಮಾನವೂ ಇರಲಿಲ್ಲ. "ಅಕ್ಕ, ನೀವು ನೋಡಿದ್ರಲ್ಲ? ನಿಮ್ಗೂ ಕಾಣ್ಲಿಲ್ವಾ?"

"ಬೆಲೆ, ತಾರೀಕು ನೋಡ್ದೆ. ಕೊಬ್ರಿ ಗಮನಕ್ಕೆ ಬರ್ಲಿಲ್ಲ."

ಬಾಗಿಲ ಬಳಿ ಹೊಸ ಚೀಲಗಳ ಗಂಟಿನೊಂದಿಗೆ ರುಕ್ಸಾನ ಆಗಷ್ಟೇ ಬಂದು ನಿಂತಿದ್ದಳು.

"ಅಯ್ಯೋ, ಮರ್ತ್ರಾ ಸೌಮ್ಯಕ್ಕ? ನಾನೇ ಕೇಳಿದ್ನಲ್ಲ ನಿನ್ನೆ, ಒಂದೇ ಹೋಳಾ ಅಂತ. ಫ್ಯಾಷನ್ನು ಅಂದ್ರಿ."

ರುಕ್ಸಾನ ಒಬ್ಬೊಬ್ಬರ ಮುಖ ನೋಡಿ, ತಾನು ಆಡಬಾರದ್ದು ಆಡಿದೆನೆಂದು ಅರ್ಥವಾಗಿ, ಗಂಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು.

"ಕಂಡಿತ್ತೇನಮ್ಮ?" ಎಂದರು ಬಸವಕುಮಾರ್, ಮೆಲ್ಲಗೆ.

ಸೌಮ್ಯ ಬಿಲ್ ಮಿಷನ್ನಿನ ಕಾಗದದ ಸುರುಳಿಯನ್ನು ಸುಮ್ಮನೆ ಬಿಚ್ಚಿ ಸುತ್ತಿದಳು. "ಕಂಡಿತ್ತು ಅಣ್ಣ."

"ಮತ್ತೆ ಬಾಯಿಗೇನಾಗಿತ್ತು ನಿಂಗೆ?" ಎಂದರು ಶಿವರುದ್ರಮ್ಮ. "ನಮ್ಮನೆ ಮರ್ಯಾದೆ ನಿನ್ ಮರ್ಯಾದೆ ಅಲ್ವೇನೇ?"

ಅವಳ ಬಳಿ ಉತ್ತರವಿತ್ತು. ಇಷ್ಟು ವರ್ಷ ಹಾಕಿದ ಪೋಸ್ಟರುಗಳಲ್ಲಿ ಒಂದನ್ನೂ ಯಾರೂ ಅವಳದ್ದೆಂದು ಹೇಳಲಿಲ್ಲ, ಈ ಹುಡುಗಿಯ ಹೆಸರು ಮೊದಲ ದಿನವೇ ಅಂಗಡಿಯ ಹೆಸರಿನ ಪಕ್ಕ ಬಂತು. ಮನಸ್ಸಿನಲ್ಲಿ ಹೇಳಿಕೊಂಡಾಗಲೆಲ್ಲ ಅದು ನ್ಯಾಯವಾಗಿಯೇ ಕೇಳಿಸಿತ್ತು. ಈಗ, ಮುದುಕಿಯ ಎದುರು, ಅದು ಅವಳಿಗೇ ನೆಪದಂತೆ ಕೇಳಿಸಿತು.

ವರ್ಷಿಣಿ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ರುಕ್ಸಾನಳ ಗಂಟಿನಿಂದ ಒಂದು ಸಣ್ಣ ಚೀಲ ಎಳೆದುಕೊಂಡು, ಗೂಡಿನಲ್ಲಿದ್ದ ಉಂಡೆ ಕೊಬ್ಬರಿ ಅದರೊಳಗಿಟ್ಟು, ದಾರ ಬಿಗಿದು, ಡಬ್ಬಿಯ ಹಿಡಿಗೆ ಕಟ್ಟಿದಳು. ಮುಚ್ಚಳ ಸರಿಯಾಗಿ ಕೂತಿತು. ಬಜೆಟ್ಟೂ ಮೀರಲಿಲ್ಲ.

"ಅಜ್ಜಿ, ಇದನ್ನ ಹಿಡ್ಕಂಡು ಈಗ ಬೈದ್ರಲ್ಲ, ಹಂಗೇ ಇನ್ನೊಂದ್ಸಲ ಬೈರಿ. ವಿಡಿಯೊ ಮಾಡ್ತೀನಿ."

"ಥೂ, ಹೋಗೇ ಅತ್ಲಾಗೆ," ಎಂದ ಶಿವರುದ್ರಮ್ಮ ಸೆರಗು ಸರಿಮಾಡಿಕೊಂಡರು.

ಮೂರನೇ ಸ್ಲೈಡು ಅಳಿಸಿಹೋಯಿತು. ಅಜ್ಜಿಯ ಬೈಗುಳದ ರೀಲ್ ಮಧ್ಯಾಹ್ನ ಬಂತು. ಸಂಜೆಯ ಹೊತ್ತಿಗೆ ಅದು ಕೆರೂಸೆಲ್‌ಗಿಂತಲೂ ಹೆಚ್ಚು ಓಡಿತು. ಡಬ್ಬಿಗೆ ಮೊದಲೇ ಆರ್ಡರ್ ಕೊಟ್ಟವರಿಗೆಲ್ಲ ಫೋನ್ ಮಾಡಿ, ಒಂಟಿ ಹೋಳಲ್ಲ, ಉಂಡೆಯನ್ನೇ ಕಳಿಸುತ್ತೇವೆ ಎಂದು ಹೇಳುವ ಕೆಲಸ ಸೌಮ್ಯಳ ಪಾಲಿಗೆ ಬಂತು. "ರೀಲ್‌ನಾಗೆ ನೋಡಿದ್ವಿ ಬುಡಿ, ಆ ಹುಡುಗಿ ಬಲೇ ಚುರುಕು," ಎಂದು ಆ ಕಡೆಯವರು ನಗುತ್ತಿದ್ದರು. ಪ್ರತಿಯೊಬ್ಬರಿಗೂ ಅವಳು "ಹೌದು" ಎಂದಳು.

ದೀಪಾವಳಿಯ ಸ್ಲೈಡುಗಳನ್ನೂ ವರ್ಷಿಣಿಯೇ ಮಾಡಿದಳು. ಹಾಕುವ ಮುಂಚೆ ನೋಡಿಕೊಡಲು ಅವನ್ನು ರುಕ್ಸಾನಳಿಗೆ ಕಳಿಸಿದಳು.