ಮೂರರಿಂದ ಮೇಲೇರುವುದು

ನಾನು ಸಿಡುಕಿ ಅಂತ ನಮ್ಮ ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತು. ಅದರಲ್ಲೂ ಮೇ ತಿಂಗಳ ಸೆಕೆಯಲ್ಲಿ, ಕರ್ರೋ ಕರ್ರೋ ಎನ್ನುವ ಫ್ಯಾನಿನ ಕೆಳಗೆ ಕೂತು ಬಿ.ಎಸ್ಸಿ. ಗಣಿತದ ಉತ್ತರಪತ್ರಿಕೆ ತಿದ್ದುವಾಗ ನನ್ನನ್ನು ಯಾರೂ ಮಾತನಾಡಿಸಬಾರದು. ೧೯೯೯ರಲ್ಲಿ ವ್ಯಾಲ್ಯುಯೇಷನ್ ಹಾಲಿನಲ್ಲಿ ನನ್ನ ಪಕ್ಕದ ಕುರ್ಚಿ ಕೃಷ್ಣಪ್ಪನವರದು. ನಂಜನಗೂಡಿನ ಕಡೆಯ ಕಾಲೇಜಿನ ಮೇಷ್ಟ್ರು, ಒಳ್ಳೆಯ ಮನುಷ್ಯ. ನಾನು ಒಂಟಿಕೊಪ್ಪಲಿನಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬಂದು ಕೂರುವಷ್ಟರಲ್ಲಿ ಅವರು ಐದು ಪತ್ರಿಕೆ ಮುಗಿಸಿರುತ್ತಿದ್ದರು.

ಮೂರನೆಯ ದಿನ ನನ್ನ ತಲೆ ಕೆಡಿಸಿದ್ದು ಹನ್ನೊಂದನೆಯ ಪ್ರಶ್ನೆ. ಮೊದಲ ಸಂಖ್ಯೆ ಮೂರು. ಆಮೇಲಿನ ಪ್ರತಿ ಸಂಖ್ಯೆಯೂ ಹಿಂದಿನದರಿಂದ ಹುಟ್ಟಬೇಕು: ಹಿಂದಿನದನ್ನು ವರ್ಗ ಮಾಡು, ಎರಡು ಕೂಡಿಸು, ಮೂರರಿಂದ ಭಾಗಿಸು. ಈ ಸಾಲು ಒಂದು ಕಡೆ ನೆಲೆ ನಿಲ್ಲುತ್ತದೆ ಎಂದು ತೋರಿಸಿ, ಎಲ್ಲಿ ನಿಲ್ಲುತ್ತದೆಂದು ಕಂಡುಹಿಡಿಯಿರಿ. ಆರು ಅಂಕ. ಸಾಲು ಒಂದೇ ದಿಕ್ಕಿಗೆ ಹೋಗುತ್ತದೆ ಅಂದರೆ ಎರಡು ಅಂಕ, ಒಂದು ಗಡಿ ದಾಟುವುದಿಲ್ಲ ಅಂದರೆ ಇನ್ನೆರಡು. ಇವೆರಡೂ ಸಿಕ್ಕರೆ ಸಾಲು ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಆ ಜಾಗಕ್ಕೆ L ಎಂದು ಹೆಸರಿಟ್ಟು, L = (L² + 2)/3 ಎಂದು ಬರೆದು ಬಿಡಿಸಿದರೆ ಉಳಿದೆರಡು. ಬಿಡಿಸಿದರೆ ಒಂದು, ಎರಡು ಎಂಬ ಎರಡು ಉತ್ತರ ಬರುತ್ತವೆ. ಯಾವುದಕ್ಕೆ ಎಷ್ಟು ಅಂಕ ಎಂದು ನಮಗೆ ಕೊಟ್ಟಿದ್ದ ಸ್ಕೀಮಿನಲ್ಲಿ, ‘ಸಾಲು ಏರುತ್ತದೆ, ಆದ್ದರಿಂದ ದೊಡ್ಡದನ್ನು ಆರಿಸಿಕೊಳ್ಳಬೇಕು, L = 2’ ಎಂದು ಅಚ್ಚಾಗಿತ್ತು.

ಮಕ್ಕಳು ಎಂದಿನಂತೆ ಮೊದಲ ನಾಲ್ಕು ಅಂಕದ ಕೆಲಸವನ್ನು ಹಾರಿಸಿಬಿಟ್ಟಿದ್ದರು. ನೇರವಾಗಿ L ಹಾಕು, ಬಿಡಿಸು, ಎರಡು ಎಂದು ಬರೆ, ಕೆಳಗೆ ಗೆರೆ ಎಳೆ. ಸಾಲು ನಿಲ್ಲುತ್ತದೆಯೋ ಇಲ್ಲವೋ ನೋಡದೆ ಎಲ್ಲಿ ನಿಲ್ಲುತ್ತದೆ ಎಂದು ಹೇಳುವುದೆಂದರೆ ಏನರ್ಥ? ವರ್ಷವಿಡೀ ಗಂಟಲು ಹರಿದುಕೊಂಡು ಹೇಳಿದ್ದು ಇದನ್ನೇ. ನಾನು ಗೊಣಗುತ್ತಾ, ಸ್ಕೀಮಿನಲ್ಲಿದ್ದಂತೆ ಅಂಕ ಹಾಕುತ್ತಾ ಹೋದೆ.

ಮಧ್ಯಾಹ್ನದ ಊಟಕ್ಕೆ ಮುಂಚೆ ಬಂದ ಒಂದು ಪತ್ರಿಕೆಯಲ್ಲಿ ಆ ಪ್ರಶ್ನೆಗೆ ನಾಲ್ಕು ಪುಟ ಬರೆದಿತ್ತು. ಗಡಿ ಹುಡುಕಲು ಮೂರು ಸಲ ಪ್ರಯತ್ನಿಸಿ ಮೂರು ಸಲವೂ ಅಡ್ಡಗೆರೆ ಹೊಡೆದಿತ್ತು. ಎಲ್ಲ ಇಂಗ್ಲಿಷಿನಲ್ಲಿ ಬರೆದ ಮಗು, ‘ಆದ್ದರಿಂದ’ ಎನ್ನುವ ಮಾತನ್ನು ಮಾತ್ರ ಪ್ರತಿ ಸಲವೂ ಕನ್ನಡದಲ್ಲೇ ಬರೆದಿತ್ತು. ಅದು ಬರೆಯುತ್ತಿದ್ದ 3 ಎಂಬ ಅಂಕಿಯ ತಲೆ ಗುಂಡಗಿರದೆ ಚಪ್ಪಟೆಯಾಗಿತ್ತು. ನಾಲ್ಕನೆಯ ಪುಟದ ಕೊನೆಗೆ ಇಡೀ ವಾಕ್ಯವೇ ಕನ್ನಡದಲ್ಲಿತ್ತು: ‘ಮೂರರಿಂದ ಮೇಲೇರುವುದು ಎರಡನ್ನು ಮುಟ್ಟಲಾರದು. ಆದ್ದರಿಂದ ಪ್ರಶ್ನೆ ತಪ್ಪು.’

ನನಗೆ ರೇಗಿಹೋಯಿತು. ಲೆಕ್ಕ ಬಾರದಿದ್ದರೆ ಪ್ರಶ್ನೆ ತಪ್ಪಂತೆ! ಕೆಂಪು ಶಾಯಿಯಲ್ಲಿ ದೊಡ್ಡ ಸೊನ್ನೆ ಸುತ್ತಿ ಪುಟ ತಿರುಗಿಸಿದೆ. ಮುಂದೆ ಎರಡು ಪ್ರಶ್ನೆಗೆ ಉತ್ತರವೇ ಇರಲಿಲ್ಲ. ‘ಸಮಯ ಸಾಲಲಿಲ್ಲ’ ಎಂದಷ್ಟೇ ಇತ್ತು. ಕೂಡಿಸಿದರೆ ತೊಂಬತ್ತಕ್ಕೆ ಇಪ್ಪತ್ತನಾಲ್ಕು. ಪಾಸಾಗಲು ಮೂವತ್ತೆರಡು ಬೇಕು.

ಊಟದ ಡಬ್ಬಿ ತೆರೆದು ಚಿತ್ರಾನ್ನ ಬಾಯಿಗಿಟ್ಟಾಗ ಆ ಮಾತು ಮತ್ತೆ ತಲೆಗೆ ಬಂತು. ಮೂರರಿಂದ ಮೇಲೇರುವುದು. ಡಬ್ಬಿ ಮುಚ್ಚಿ ಕ್ಯಾಲ್ಕುಲೇಟರ್ ತೆಗೆದೆ. ಮೂರು. ಮೂರೂ ಮುಕ್ಕಾಲಿನ ಹತ್ತಿರ. ಐದು ಚಿಲ್ಲರೆ. ಒಂಬತ್ತೂವರೆ. ಮೂವತ್ತು ಚಿಲ್ಲರೆ. ಆಮೇಲೆ ಮುನ್ನೂರ ಹದಿನಾರು.

ಅದು ಎಲ್ಲಿಯೂ ನಿಲ್ಲುವ ಸಾಲಲ್ಲ. ಗಡಿ ಇದ್ದಿದ್ದರೆ ನಿಲ್ಲಬೇಕಿತ್ತು, ನಿಂತರೆ ಒಂದರಲ್ಲೋ ಎರಡರಲ್ಲೋ ನಿಲ್ಲಬೇಕಿತ್ತು. ಮೂರರಿಂದ ಹೊರಟು ಏರುತ್ತಲೇ ಹೋಗುವುದು ಎರಡಕ್ಕೆ ಹೇಗೆ ಬಂದೀತು? ಆದ್ದರಿಂದ ಗಡಿಯೇ ಇಲ್ಲ. ಆ ಮಗು ಮೂರು ಸಲ ಹುಡುಕಿ ಸಿಗದೆ ಒದ್ದಾಡಿದ್ದು ಇಲ್ಲದ ವಸ್ತುವನ್ನು. ನಾನೋ, ನಿಲ್ಲುತ್ತದೆಯೇ ನೋಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವವಳು, ಮೂರು ದಿನದಲ್ಲಿ ಒಮ್ಮೆಯೂ ನೋಡಿರಲಿಲ್ಲ. ನಾಚಿಕೆಯಿಂದ ಮುಖ ಬಿಸಿಯಾಯಿತು.

ಪತ್ರಿಕೆಯನ್ನು ಹಿಡಿದುಕೊಂಡು ಸದಾಶಿವಯ್ಯನವರ ಮೇಜಿಗೆ ಹೋದೆ. ಅವರು ಮುಖ್ಯ ಪರೀಕ್ಷಕರು; ಪ್ರಶ್ನೆ, ಸ್ಕೀಮು ಎರಡೂ ಅವರದೇ. ನನಗೂ ಒಂದು ಕಾಲಕ್ಕೆ ಪಾಠ ಹೇಳಿದ್ದವರು. ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿಹೋಗಿತ್ತು.

“ಸರ್, ಹನ್ನೊಂದನೇ ಪ್ರಶ್ನೆ ತಪ್ಪಾಗಿದೆ. ಈ ಸೀಕ್ವೆನ್ಸ್ ಕನ್ವರ್ಜ್ ಆಗಲ್ಲ, ಎಲ್ಲೂ ನಿಲ್ಲಲ್ಲ.”

“ಪುಸ್ತಕದಲ್ಲಿರೋ ಲೆಕ್ಕ ಕಣಮ್ಮ ಅದು. ಮೂವತ್ತು ವರ್ಷದಿಂದ ಆಗ್ತಿದೆ, ಈ ವರ್ಷ ಯಾಕೆ ಆಗಲ್ಲ?”

“ಪುಸ್ತಕದಲ್ಲಿ ಎಷ್ಟರಿಂದ ಶುರು ಸರ್?”

“ಒಂದೂವರೆ. ಹಂಗೇ ಕೊಟ್ರೆ ಗೈಡ್ ನೋಡಿ ಗಟ್ಟು ಹೊಡ್ಕೊಂಡು ಬರ್ತಾರೆ. ಅದಕ್ಕೆ ಮೂರು ಮಾಡ್ದೆ.”

ನಮ್ಮಲ್ಲಿ ಪ್ರಶ್ನೆಪತ್ರಿಕೆ ತಯಾರಿಸುವವರೆಲ್ಲ ಮಾಡುವ ಕೆಲಸವೇ ಅದು. ಪುಸ್ತಕದ ಲೆಕ್ಕ ತೆಗೆದುಕೊಂಡು ಒಂದು ಸಂಖ್ಯೆ ಬದಲಾಯಿಸುವುದು. ನಾನೂ ಮಾಡಿದ್ದೇನೆ. ಅವರ ಮುಂದಿದ್ದ ಕಾಗದದ ಮೇಲೆಯೇ ಬರೆದು ತೋರಿಸಿದೆ: ಒಂದು ಸಂಖ್ಯೆಗೂ ಅದರ ಮುಂದಿನದಕ್ಕೂ ಇರುವ ವ್ಯತ್ಯಾಸ (x − 1)(x − 2)/3. ಒಂದು ಮತ್ತು ಎರಡರ ನಡುವೆ ಇದ್ದರೆ ಅದು ಋಣ. ಹಾಗಾಗಿ ಒಂದೂವರೆಯಿಂದ ಹೊರಟದ್ದು ಇಳಿಯುತ್ತಾ ಇಳಿಯುತ್ತಾ ಒಂದಕ್ಕೆ ಹೋಗಿ ನಿಲ್ಲುತ್ತದೆ. ಎರಡಕ್ಕಿಂತ ಮೇಲಿದ್ದರೆ ಧನ. ಮೂರರಿಂದ ಹೊರಟದ್ದು ಏರುತ್ತಲೇ ಹೋಗುತ್ತದೆ, ಹಿಡಿಯುವವರಿಲ್ಲ.

ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಸ್ಕೀಮಿನ ಆ ಸಾಲನ್ನು ಹೊಡೆದುಹಾಕಿದರು. ಅದೇ ಅವರ ಒಪ್ಪಿಗೆ. ಆಮೇಲೆ ಎದ್ದುನಿಂತು ಹಾಲಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳಿದರು: “ಹನ್ನೊಂದನೇ ಪ್ರಶ್ನೇಲಿ ಸ್ವಲ್ಪ ಪ್ರಿಂಟಿಂಗ್ ದೋಷ ಇದೆ. ಅಟೆಂಪ್ಟ್ ಮಾಡಿರೋರಿಗೆಲ್ಲ ಆರು ಕೊಟ್ಬುಡಿ.”

ಪ್ರಿಂಟಿಂಗ್ ದೋಷ! ನಾನು ಹಲ್ಲು ಕಚ್ಚಿಕೊಂಡು ನನ್ನ ಜಾಗಕ್ಕೆ ಬಂದೆ. ಸೊನ್ನೆಯನ್ನು ಹೊಡೆದು ಆರು ಮಾಡಿ, ಪಕ್ಕದಲ್ಲಿ ಸಹಿ ಹಾಕಿದೆ. ಇಪ್ಪತ್ತನಾಲ್ಕು ಮೂವತ್ತಾಯಿತು. ಇನ್ನೂ ಎರಡು ಬೇಕು.

ಎರಡೇ ನಿಮಿಷದಲ್ಲಿ ಸುಳ್ಳು ಉತ್ತರ ಬರೆದವರಿಗೂ ಆರು, ಮುಕ್ಕಾಲು ಗಂಟೆಯಾದರೂ ಒದ್ದಾಡಿ ನಿಜ ಕಂಡುಕೊಂಡ ಮಗುವಿಗೂ ಆರು. ಆ ಮುಕ್ಕಾಲು ಗಂಟೆಯನ್ನು ವಾಪಸ್ ಕೊಡುವವರು ಯಾರು? ಆ ಹೊತ್ತಿನಲ್ಲಿ ಬರೆಯಬಹುದಾಗಿದ್ದ ಎರಡು ಪ್ರಶ್ನೆಗಳ ಜಾಗದಲ್ಲಿ ‘ಸಮಯ ಸಾಲಲಿಲ್ಲ’ ಎಂದಿತ್ತು. ಅದಕ್ಕೆ ಅಂಕ ಹಾಕುವ ಸ್ಕೀಮು ಎಲ್ಲಿಯೂ ಇಲ್ಲ.

ಕೃಷ್ಣಪ್ಪನವರು ಇಣುಕಿ ನೋಡಿದರು. “ಎರಡು ತಾನೆ ಮೇಡಂ? ಎಲ್ಲಾದ್ರೂ ಹಾಕ್ಬುಡಿ ಅತ್ಲಾಗೆ. ಯಾರು ನೋಡ್ತಾರೆ?”

ಹತ್ತು ವರ್ಷದ ಕೆಲಸದಲ್ಲಿ ಸುಮ್ಮಸುಮ್ಮನೆ ಅರ್ಧ ಅಂಕವನ್ನೂ ಹಾಕಿದವಳಲ್ಲ ನಾನು. ಆವತ್ತು ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ತಿರುವಿದೆ. ಏಳನೆಯ ಪ್ರಶ್ನೆಯಲ್ಲಿ ಸೂತ್ರವನ್ನಷ್ಟೇ ಬರೆದು ಕೈಬಿಟ್ಟಿದ್ದ ಒಂದು ಲೆಕ್ಕ ಸಿಕ್ಕಿತು. ಅದರ ಪಕ್ಕದಲ್ಲಿ ಎರಡು ಎಂದು ಬರೆದೆ. ಮೂವತ್ತೆರಡು.

ಆದರೆ ಸರಿಯಾಗಿ ಪಾಸಿನ ಗೆರೆಯ ಮೇಲೆ ನಿಂತ ಪತ್ರಿಕೆಗಳನ್ನೆಲ್ಲ ಮುಖ್ಯ ಪರೀಕ್ಷಕರು ಮತ್ತೊಮ್ಮೆ ನೋಡಬೇಕೆಂಬ ನಿಯಮವಿದೆ. ಸಿಟ್ಟಿನಲ್ಲಿ ಅದನ್ನು ಮರೆತೇಬಿಟ್ಟಿದ್ದೆ. ಮೂವತ್ತಮೂರು ಮಾಡಿದ್ದರೆ ಬದುಕುತ್ತಿತ್ತು. ಸಂಜೆ ಸದಾಶಿವಯ್ಯನವರು ನನ್ನನ್ನು ಕರೆದರು. ಅವರ ಕೈಯಲ್ಲಿ ಹಸಿರು ಶಾಯಿಯ ಪೆನ್ನಿತ್ತು.

“ಸೂತ್ರ ಬರೆದಿದ್ದಕ್ಕೆ ಸ್ಕೀಮಲ್ಲಿ ಮಾರ್ಕ್ಸ್ ಎಲ್ಲಿದೆ ಶಾರದಾ?”

“ಇಲ್ಲ ಸರ್. ಆದ್ರೆ ಇಡೀ ಬಂಡಲ್ಲಲ್ಲಿ ಹನ್ನೊಂದನೇದನ್ನ ಸರಿಯಾಗಿ ಮಾಡಿರೋದು ಈ ಮಗು ಒಂದೇ. ನೀವು ತಪ್ಪು ಮಾಡಿದ್ರಿ, ನಾನು ತಪ್ಪು ಮಾಡ್ದೆ, ಇದು ಮಾತ್ರ ಮಾಡ್ಲಿಲ್ಲ. ಫೇಲಾಗ್ತಿರೋದು ಇದು.”

“ಅದಕ್ಕೇ ಆರು ಕೊಟ್ಟಿದ್ದೀವಲ್ಲಮ್ಮ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹಸಿರು ಗೆರೆಯೊಂದು ನನ್ನ ಎರಡರ ಮೇಲೆ ಹಾದುಹೋಯಿತು. “ಇದಕ್ಕೆ ಕೊಟ್ರೆ ಬೇರೆಯವರಿಗೂ ಕೊಡಬೇಕಾಗುತ್ತೆ. ಅಕ್ಟೋಬರ್‌ನಲ್ಲಿ ಬರೆದು ಪಾಸಾಗುತ್ತೆ ಬಿಡು. ಆ ಲೆಕ್ಕಾನೇ ಒಂದೂವರೆ ಅಂತ ಸರಿ ಮಾಡಿ ಕೊಡ್ತೀನಿ, ಆಯ್ತಾ?”

ಅವರ ಮಟ್ಟಿಗೆ ಅದು ಪ್ರಾಯಶ್ಚಿತ್ತವೇ ಇರಬೇಕು. ನಾನು ಪತ್ರಿಕೆಯನ್ನು ಬಂಡಲ್ಲಿಗೆ ಸೇರಿಸಿದೆ. ತಪ್ಪು ದಾರಿಯಲ್ಲಿ ಎರಡು ಅಂಕ ಹಾಕಿದವಳು ನಾನೇ ಆಗಿದ್ದೆ.

ಅಕ್ಟೋಬರ್ ಪತ್ರಿಕೆಗಳನ್ನು ತಿದ್ದಿದ್ದು ಅದೇ ಹಾಲಿನಲ್ಲಿ. ಸದಾಶಿವಯ್ಯನವರು ಮಾತು ಉಳಿಸಿಕೊಂಡಿದ್ದರು. ಮೊದಲ ಸಂಖ್ಯೆ ಒಂದೂವರೆ, ಸ್ಕೀಮಿನಲ್ಲಿ ಉತ್ತರ ಒಂದು. ಪತ್ರಿಕೆಗಳ ಮೇಲೆ ಹೆಸರಿರುವುದಿಲ್ಲ, ಬರೀ ಗುಟ್ಟಿನ ನಂಬರು. ಆದರೂ ನಾನು ಪ್ರತಿ ಬಂಡಲ್ ಬಿಚ್ಚುವಾಗಲೂ ಆ ಚಪ್ಪಟೆ ತಲೆಯ ಮೂರನ್ನು ಹುಡುಕುತ್ತಿದ್ದೆ. ಸಿಕ್ಕರೆ ಈ ಸಲ ಮನಸಾರೆ ಆರಕ್ಕೆ ಆರು ಹಾಕಬೇಕೆಂಬ ಆಸೆ.

ನಾಲ್ಕನೆಯ ದಿನ ಸಿಕ್ಕಿತು. ಅದೇ ಮೂರು, ಅದೇ ಅಕ್ಷರ. ಎಲ್ಲ ಪ್ರಶ್ನೆಗೂ ಉತ್ತರವಿತ್ತು, ಒಂದು ಪುಟವೂ ಖಾಲಿ ಇರಲಿಲ್ಲ. ಆ ಲೆಕ್ಕಕ್ಕೆ ಮಾತ್ರ ಮೂರೇ ಸಾಲು. ಏರುತ್ತದೋ ಇಳಿಯುತ್ತದೋ ನೋಡಿರಲಿಲ್ಲ, ಗಡಿಯನ್ನು ಹುಡುಕಿರಲಿಲ್ಲ. L ಹಾಕಿ, ಬಿಡಿಸಿ, ಕೆಳಗೆ ಕನ್ನಡದಲ್ಲಿ ‘ಆದ್ದರಿಂದ’ ಎಂದು ಬರೆದು, L = 2 ಎಂದು ಚೌಕ ಹಾಕಿತ್ತು.

ಒಂದೂವರೆಯಿಂದ ಇಳಿಯುವುದು ಎರಡನ್ನು ಮುಟ್ಟಲಾರದು. ಅದು ಆ ಮಗುವಿಗೆ ಗೊತ್ತಾಗದ ವಿಷಯವಲ್ಲ. ನೋಡಿದ್ದರೆ ಒಂದು ಗಳಿಗೆಯಲ್ಲಿ ಗೊತ್ತಾಗುತ್ತಿತ್ತು. ನೋಡುವವರಿಗೆ ಸಮಯ ಸಾಲುವುದಿಲ್ಲ ಎಂದು ಅದಕ್ಕೆ ಕಲಿಸಿದವರು ನಾವೇ.

ಸಮೀಕರಣ ಬರೆದಿದ್ದಕ್ಕೆ ಒಂದು ಅಂಕ ಹಾಕಿದೆ. ಕಣ್ಣು ತುಂಬಿ ಬಂದಿದ್ದರಿಂದ ಒಟ್ಟನ್ನು ಎರಡು ಸಲ ಕೂಡಿಸಬೇಕಾಯಿತು.

“ಏನಾಯ್ತು ಮೇಡಂ, ಮತ್ತೆ ಫೇಲಾ?” ಅಂದರು ಕೃಷ್ಣಪ್ಪನವರು.

“ಇಲ್ಲ,” ಅಂದೆ. “ಐವತ್ತೆಂಟು ಬಂದಿದೆ. ಪಾಸು.”